ಪುಸ್ತಕದಲ್ಲಿ ಮೇ 21, ತಾಯಿ ಕಾರ್ಡಿನಲ್ಲಿ ಜೂನ್ 5: ಮಗಳ ಲಸಿಕೆಗೆ ಯಾವ ತಾರೀಕು ನಂಬಬೇಕು?

ಪುಟ್ಟಿಯ ಅಪ್ಪ · ಮೇ 19, 2025, ಸಂಜೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಹುಟ್ಟಿದ್ದು ಮಾರ್ಚ್ 12ಕ್ಕೆ. ಹೆಂಡತಿ ಬಾಣಂತನಕ್ಕೆ ಸಾಗರದ ಹತ್ತಿರ ತವರುಮನೆಯಲ್ಲಿದ್ದಾಳೆ. ನಾನು ಬೆಂಗಳೂರಿನಲ್ಲಿದ್ದೇನೆ, ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಬಸ್ ಹತ್ತುತ್ತೇನೆ. ದೂರದಿಂದ ಮಾಡಬಹುದಾದ ಕೆಲಸ ಇದಾದರೂ ನನ್ನ ಪಾಲಿಗಿರಲಿ ಅಂತ, ಲಸಿಕೆಯ ತಾರೀಕುಗಳನ್ನು ನೋಡಿಕೊಳ್ಳುವುದನ್ನು ನಾನೇ ವಹಿಸಿಕೊಂಡೆ. ಹೆರಿಗೆ ಆದ ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ಎಲ್ಲಾ ತಾರೀಕೂ ಇತ್ತು. ಅದೇ ವಾರ ಎಲ್ಲವನ್ನೂ ಫೋನಿನ ಕ್ಯಾಲೆಂಡರಿಗೆ ಹಾಕಿದೆ. ಏಪ್ರಿಲ್ 23, ಮೇ 21, ಜೂನ್ 18, ಆಮೇಲೆ ಒಂಬತ್ತು ತಿಂಗಳದ್ದು ಡಿಸೆಂಬರ್ 12.

ಊರಿನ ಆರೋಗ್ಯ ಕೇಂದ್ರದಲ್ಲಿ ಗುರುವಾರ ಮಾತ್ರ ಲಸಿಕೆ ಹಾಕುತ್ತಾರೆ. ಹಾಗಾಗಿ ಮೊದಲನೆಯದು ಏಪ್ರಿಲ್ 24ಕ್ಕೆ ಅಂತ ಆಯ್ತು. ಹಿಂದಿನ ರಾತ್ರಿ ಮಗುವಿನ ಮೈ ಸ್ವಲ್ಪ ಬಿಸಿ ಇತ್ತು. ಅತ್ತೆ ಬೇಡ ಅಂದರು, ಬಿಟ್ಟೆವು. ಮುಂದಿನ ಗುರುವಾರ ಮೇ 1, ಕಾರ್ಮಿಕರ ದಿನದ ರಜೆ. ಕೊನೆಗೆ ಮೇ 8ಕ್ಕೆ ಹಾಕಿಸಿದೆವು.

ಈಗ ನನ್ನ ಫೋನು "ನಾಡಿದ್ದು ಎರಡೂವರೆ ತಿಂಗಳ ಲಸಿಕೆ" ಅಂತ ತೋರಿಸುತ್ತಿದೆ. ಆದರೆ ಸಿಸ್ಟರ್ ತಾಯಿ ಕಾರ್ಡಿನಲ್ಲಿ 5/6 ಅಂತ ಬರೆದಿದ್ದಾರೆ. ಮೊದಲೇ ಎರಡು ವಾರ ತಡ ಆಗಿದೆ, ಇನ್ನೂ ಎರಡು ವಾರ ಕಾಯುವುದು ಸರಿಯಾ? ಈ ಗುರುವಾರ 22ಕ್ಕೇ ಕರೆದುಕೊಂಡು ಹೋಗು ಅಂತ ಹೆಂಡತಿಗೆ ಹೇಳೋಣ ಅಂತಿದ್ದೇನೆ. ಅವಳು ಕಾರ್ಡಿನಲ್ಲಿ ಇದ್ದಂತೆ ಹೋಗೋಣ ಅನ್ನುತ್ತಾಳೆ.

ಇನ್ನೊಂದು ಪ್ರಶ್ನೆ. ಪುಸ್ತಕ ಒಂದು ಕಡೆ, ಕಾರ್ಡ್ ಒಂದು ಕಡೆ, ಸರ್ಕಾರದ ಮೆಸೇಜ್ ಮಾವನವರ ಫೋನಿಗೆ. ಇದನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುವುದು ಹೇಗೆ? ಮಾಡಿದವರು ಇದ್ದರೆ ಹೇಳಿ.

ಹಾಸನದ ಅಮ್ಮ · ಮೇ 19

ಕಾರ್ಡಿನದೇ ಸರಿ ಅಣ್ಣ. ನನ್ನ ಮಗನಿಗೂ ಹೀಗೇ ಆಗಿತ್ತು. ಒಂದು ಡೋಸಿಗೂ ಇನ್ನೊಂದಕ್ಕೂ ಒಂದು ತಿಂಗಳು ಬೇಕೇ ಬೇಕು. ಹಾಗಾಗಿ ಮೊದಲನೆಯದು ತಡ ಆದರೆ ಉಳಿದ ಎಲ್ಲವೂ ಅಷ್ಟೇ ದಿನ ಮುಂದೆ ಹೋಗುತ್ತದೆ. ನೀವು ಎರಡು ವಾರ ತಡ ಮಾಡಿದ್ದೀರಿ, ಕ್ಯಾಲೆಂಡರಿನಲ್ಲಿ ಇರುವುದನ್ನೆಲ್ಲ ಎರಡೆರಡು ವಾರ ಮುಂದಕ್ಕೆ ತಳ್ಳಿಬಿಡಿ. ಒಂಬತ್ತು ತಿಂಗಳದ್ದು ಡಿಸೆಂಬರ್ ಕೊನೆಗೆ ಬರುತ್ತದೆ. ನಾನು ಹಾಗೇ ಮಾಡಿದೆ, ಏನೂ ತೊಂದರೆ ಆಗಲಿಲ್ಲ.

ನಿವೃತ್ತ ಸಿಸ್ಟರ್ · ಮೇ 19, ರಾತ್ರಿ

ಇಪ್ಪತ್ತೆಂಟು ವರ್ಷ ಉಪಕೇಂದ್ರದಲ್ಲಿ ಲಸಿಕೆ ಹಾಕಿದವಳು ನಾನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪುಟ್ಟಿಯ ಅಪ್ಪ, ನಿಮ್ಮ ಹೆಂಡತಿ ಹೇಳಿದ್ದೇ ಸರಿ. 22ಕ್ಕೆ ಹೋಗಬೇಡಿ. ಮೇ 8ರಿಂದ 22ಕ್ಕೆ ಹದಿನಾಲ್ಕೇ ದಿನ ಆಗುತ್ತದೆ. ಪೆಂಟಾ, ರೋಟಾ, ಪೋಲಿಯೋ ಹನಿ ಇವುಗಳಲ್ಲಿ ಒಂದು ಡೋಸಿಗೂ ಮುಂದಿನದಕ್ಕೂ ಕಡಿಮೆ ಅಂದರೂ ನಾಲ್ಕು ವಾರ ಇರಬೇಕು. ಬೇಗ ಕೊಟ್ಟರೆ ಮಗುವಿನ ಮೈಯಲ್ಲಿ ಆಗಬೇಕಾದಷ್ಟು ಶಕ್ತಿ ಬೆಳೆಯುವುದಿಲ್ಲ, ಆ ಡೋಸು ಲೆಕ್ಕಕ್ಕೇ ಬರದೆ ಹೋಗಬಹುದು. ಮೇ 8ಕ್ಕೆ 28 ದಿನ ಸೇರಿಸಿ ನೋಡಿ, ಜೂನ್ 5 ಬರುತ್ತದೆ. ಅದೂ ಗುರುವಾರವೇ. ಸಿಸ್ಟರ್ ಬೆರಳು ಎಣಿಸಿಯೇ ಬರೆದಿದ್ದಾರೆ.

ಪುಸ್ತಕವೂ ಸುಳ್ಳು ಹೇಳುತ್ತಿಲ್ಲ. ಅದರಲ್ಲಿ ಇರುವುದು ಹುಟ್ಟಿದ ದಿನದಿಂದ ಎಣಿಸಿದ ತಾರೀಕು. ಆರು ವಾರ, ಹತ್ತು ವಾರ, ಹದಿನಾಲ್ಕು ವಾರ. ಎಲ್ಲವೂ ಹೊತ್ತಿಗೆ ಸರಿಯಾಗಿ ಆದರೆ ಅದು ಕೊನೆಯವರೆಗೂ ಹೊಂದುತ್ತದೆ. ಒಂದು ಜಾರಿದರೆ ಮುಂದಿನದು ಹೊಂದುವುದಿಲ್ಲ, ಯಾಕೆಂದರೆ ಮಗು ನಿಜವಾಗಿ ಯಾವತ್ತು ಚುಚ್ಚಿಸಿಕೊಂಡಿತು ಅಂತ ಪುಸ್ತಕಕ್ಕೆ ಗೊತ್ತಿಲ್ಲ.

ಹಾಸನದ ಅಮ್ಮ, ನೀವು ಅರ್ಧ ಸರಿ ಹೇಳಿದಿರಿ. ಎರಡನೆಯದು, ಮೂರನೆಯದು ಮುಂದೆ ಹೋಗುತ್ತವೆ, ನಿಜ. ಒಂಬತ್ತು ತಿಂಗಳದ್ದನ್ನು ಮಾತ್ರ ತಳ್ಳಬಾರದು. ದಡಾರ-ರುಬೆಲ್ಲಾ ಲಸಿಕೆ ಪೆಂಟಾದ ಬೆನ್ನಿಗೆ ಬರುವುದಲ್ಲ, ಅದು ಮಗುವಿನ ವಯಸ್ಸಿಗೆ ಬರುವುದು. ತಾಯಿಯಿಂದ ಬಂದ ರಕ್ಷಣೆ ಅಷ್ಟು ಹೊತ್ತಿಗೆ ಕಡಿಮೆ ಆಗಿರುತ್ತದೆ. ಒಂಬತ್ತು ತಿಂಗಳು ತುಂಬಿದ ಮೇಲೆ ಬರುವ ಮೊದಲ ಲಸಿಕಾ ದಿನವೇ ಹಾಕಿಸಿ. ಈ ಮಗುವಿಗೆ ಡಿಸೆಂಬರ್ 12 ಶುಕ್ರವಾರ, ಅಂದರೆ 18ಕ್ಕೆ ಹೋಗಬೇಕು. 18 ತಪ್ಪಿಸಿದರೆ 25 ಕ್ರಿಸ್ಮಸ್ ರಜೆ, ಆಮೇಲಿನ ಗುರುವಾರ ಜನವರಿ 1. ಎರಡು ವಾರ ಸುಮ್ನೆ ಹೋಗುತ್ತದೆ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಎರಡು ಜಾತಿಯ ತಾರೀಕು ಇವೆ ಅಂತ ತಿಳಿದುಕೊಳ್ಳಿ. ಒಂದು ಹಿಂದಿನ ಡೋಸಿನಿಂದ ಎಣಿಸುವುದು. ಇನ್ನೊಂದು ಹುಟ್ಟಿದ ದಿನದಿಂದ ಎಣಿಸುವುದು. ಎರಡನ್ನೂ ಒಂದೇ ಬಣ್ಣದಲ್ಲಿ ಬರೆದದ್ದಕ್ಕೇ ಈ ಗೊಂದಲ.

ಇನ್ನೊಂದು ಮಾತು. ಮೈ ಸ್ವಲ್ಪ ಬಿಸಿ, ಸಣ್ಣ ನೆಗಡಿ, ಇಷ್ಟಕ್ಕೆ ಲಸಿಕೆ ಬಿಡಬೇಕಾಗಿಲ್ಲ. ಮಗುವನ್ನು ಕರೆದುಕೊಂಡು ಹೋಗಿ, ಹಾಕಬೇಕೋ ಬೇಡವೋ ಅಂತ ಅಲ್ಲಿಯವರು ನೋಡಿ ಹೇಳಲಿ. ಮನೆಯಲ್ಲೇ ತೀರ್ಮಾನ ಮಾಡಿದರೆ ನಿಮಗೆ ಆದ ಹಾಗೆ ಎರಡು ವಾರ ಕಳೆಯುತ್ತದೆ. ಪೆಂಟಾ ತಡೆಯುವ ನಾಯಿಕೆಮ್ಮು ಬಂದರೆ ಕಷ್ಟ ಜಾಸ್ತಿ ಆಗುವುದು ಈ ಪುಟ್ಟ ಕೂಸುಗಳಿಗೇ. ಅತ್ತೆಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವರ ಕಾಲದಲ್ಲಿ ನಾವೂ ಹಾಗೇ ಹೇಳುತ್ತಿದ್ದೆವು.

ಮೊಮ್ಮಗನ ಅಜ್ಜಿ · ಮೇ 20

ನಮ್ಮ ಮೊಮ್ಮಗನಿಗೆ ಎಡಗೈ ಮೇಲೆ ಹುಟ್ಟಿದಾಗ ಕೊಟ್ಟ ಚುಚ್ಚುಮದ್ದು ಈಗ ಐದು ವಾರಕ್ಕೆ ಗುಳ್ಳೆ ಎದ್ದು ಕೀವು ಬಂದಿದೆ. ನೀವು ತಡ ಮಾಡಬೇಕು ಅಂತ ಬರೆದದ್ದು ಇದಕ್ಕೇನಾ? ಆರು ವಾರದ್ದು ಮುಂದೂಡಬೇಕಾ? ಅರಿಶಿನ ಹಚ್ಚಿದ್ದೇವೆ.

ನಿವೃತ್ತ ಸಿಸ್ಟರ್ · ಮೇ 20

ಅಜ್ಜಿ, ಅದು ಬಿಸಿಜಿ. ಹಾಗೆ ಗುಳ್ಳೆ ಎದ್ದು, ಒಡೆದು, ಒಣಗಿ ಕಲೆ ಆಗುವುದೇ ಅದರ ಗುಣ. ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ, ಹಿಸುಕಬೇಡಿ. ಸ್ನಾನ ಮಾಡಿಸಿ ಮೆತ್ತಗೆ ಒರೆಸಿದರೆ ಸಾಕು. ಕಂಕುಳಲ್ಲಿ ಗಂಟು ದೊಡ್ಡದಾಗಿ ಕಂಡರೆ ಮಾತ್ರ ಡಾಕ್ಟರಿಗೆ ತೋರಿಸಿ. ಆರು ವಾರದ ಲಸಿಕೆ ಅದರ ಪಾಡಿಗೆ ಹೊತ್ತಿಗೆ ಹಾಕಿಸಿ.

ತುಮಕೂರಿನ ತಂದೆ · ಮೇ 20

ಸಿಸ್ಟರ್ ಹೇಳಿದ ಎರಡು ಜಾತಿಯ ತಾರೀಕಿನ ಮಾತನ್ನು ನಾನು ಗೂಗಲ್ ಶೀಟಿನಲ್ಲಿ ಹಾಕಿಕೊಂಡಿದ್ದೇನೆ. ನನ್ನ ಮಗನಿಗೆ ಈಗ ಹದಿನಾಲ್ಕು ತಿಂಗಳು, ಇಲ್ಲಿವರೆಗೂ ಅದೇ ನಡೆಯುತ್ತಿದೆ. ಕ್ಯಾಲೆಂಡರಿನಲ್ಲಿ ತಾರೀಕುಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಕೂತಿರುತ್ತವೆ. ಒಂದು ಜಾರಿದರೆ ಉಳಿದವಕ್ಕೆ ಗೊತ್ತಾಗುವುದಿಲ್ಲ. ಶೀಟಿನಲ್ಲಿ ಒಂದನ್ನು ಬದಲಿಸಿದರೆ ಮುಂದಿನದು ತಾನೇ ಬದಲಾಗುತ್ತದೆ.

ನನ್ನ ಶೀಟಿನಲ್ಲಿ `B1` ಹುಟ್ಟಿದ ದಿನ. ಮೂರನೇ ಸಾಲಿನಿಂದ ಒಂದೊಂದು ಭೇಟಿಗೆ ಒಂದೊಂದು ಸಾಲು. `C` ಕಾಲಮ್ಮಿನಲ್ಲಿ ಹೋಗಬೇಕಾದ ದಿನ, `D` ಕಾಲಮ್ಮಿನಲ್ಲಿ ನಿಜವಾಗಿ ಹಾಕಿಸಿದ ದಿನ. `D` ಮಾತ್ರ ನಾನು ಕೈಯಾರೆ ಬರೆಯುತ್ತೇನೆ, ಅದೂ ಕಾರ್ಡಿನಲ್ಲಿ ಸಿಸ್ಟರ್ ಬರೆದುಕೊಟ್ಟ ಮೇಲೆ.

```
B1   12/03/2025
C3   =B1+42
C4   =MAX(B1+70, D3+28)
C5   =MAX(B1+98, D4+28)
C6   =EDATE(B1, 9)
```

`MAX` ಯಾಕೆ ಅಂದರೆ, ಎರಡು ಷರತ್ತೂ ತುಂಬಬೇಕು. ಮಗುವಿಗೆ ಹತ್ತು ವಾರವೂ ಆಗಿರಬೇಕು, ಹಿಂದಿನ ಡೋಸಿನಿಂದ 28 ದಿನವೂ ಆಗಿರಬೇಕು. ಯಾವುದು ತಡವೋ ಅದು. ಒಂಬತ್ತು ತಿಂಗಳದ್ದು ನೋಡಿ, ಅದು `B1` ಒಂದನ್ನೇ ಕೇಳುತ್ತದೆ. `D` ಕಡೆ ತಿರುಗಿಯೂ ನೋಡುವುದಿಲ್ಲ.

ನಿಮ್ಮೂರಲ್ಲಿ ಗುರುವಾರ ಮಾತ್ರ ಅಂದಿರಿ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಮ್ಮು ಮಾಡಿ ಹೀಗೆ ಹಾಕಿ. ಆ ತಾರೀಕು ಗುರುವಾರವೇ ಆಗಿದ್ದರೆ ಅದನ್ನೇ ಕೊಡುತ್ತದೆ, ಇಲ್ಲದಿದ್ದರೆ ಮುಂದಿನ ಗುರುವಾರ.

```
=C4+MOD(5-WEEKDAY(C4),7)
```

ಇದರಲ್ಲಿರುವ 5 ಅಂದರೆ ಗುರುವಾರ. ರಜೆ ಮಾತ್ರ ಇದಕ್ಕೆ ಗೊತ್ತಾಗುವುದಿಲ್ಲ. ಅದನ್ನು ನಾವೇ ನೋಡಬೇಕು.

ಪುಟ್ಟಿಯ ಅಪ್ಪ · ಮೇ 20, ರಾತ್ರಿ

ಸಿಸ್ಟರ್, ತುಂಬಾ ಉಪಕಾರ ಆಯ್ತು. ಈಗಲೇ ಮನೆಗೆ ಫೋನ್ ಮಾಡಿ ಜೂನ್ 5ಕ್ಕೇ ಹೋಗೋಣ ಅಂತ ಹೇಳಿದೆ. ನನಗೆ ಎದೆಯ ಭಾರ ಇಳಿಯಿತು.

ತುಮಕೂರಿನವರೇ, ನೀವು ಕೊಟ್ಟಿದ್ದನ್ನು ಹಾಗೇ ಹಾಕಿದೆ. ಹುಟ್ಟಿದ್ದು 12/03/2025, ಮೊದಲ ಡೋಸು 08/05/2025. ಎರಡನೇ ಡೋಸಿಗೆ 2026ರ ಫೆಬ್ರವರಿ 11 ಅಂತ ಬರುತ್ತಿದೆ. ಎಲ್ಲಿ ತಪ್ಪಿದೆ?

ತುಮಕೂರಿನ ತಂದೆ · ಮೇ 20, ರಾತ್ರಿ

ನಿಮ್ಮ ಶೀಟು ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು, ದಿನ ಆಮೇಲೆ ಅಂತ ಓದುತ್ತಿದೆ. 12/03 ಅಂದರೆ ಡಿಸೆಂಬರ್ 3 ಅಂದುಕೊಂಡಿದೆ. ಅದಕ್ಕೆ ಎಪ್ಪತ್ತು ದಿನ ಸೇರಿಸಿದರೆ ಫೆಬ್ರವರಿ 11. ಕಂಪ್ಯೂಟರಿನಲ್ಲಿ ತೆರೆದು `File > Settings` ಒಳಗೆ `Locale` ಅನ್ನು `India` ಮಾಡಿ. ಆಮೇಲೆ ಮೊದಲು ಬರೆದ ತಾರೀಕುಗಳನ್ನು ಅಳಿಸಿ ಹೊಸದಾಗಿ ಬರೆಯಿರಿ, ಹಳೆಯವು ತಾವಾಗಿ ಸರಿ ಆಗುವುದಿಲ್ಲ.

ನಿಮಗೆ ತಪ್ಪು ಕಣ್ಣಿಗೆ ಬಿದ್ದದ್ದು ಒಳ್ಳೆಯದಾಯ್ತು. ಎರಡು ಮೂರು ದಿನದ ವ್ಯತ್ಯಾಸ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸದಾಗಿ ಮಾಡುವವರು ತಾರೀಕಿನ ಪಕ್ಕ ವಾರದ ಹೆಸರೂ ಕಾಣುವ ಹಾಗೆ ಇಟ್ಟುಕೊಳ್ಳಿ. ಮಗು ಹುಟ್ಟಿದ ವಾರ ಯಾವುದು ಅಂತ ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಶೀಟಿನಲ್ಲಿ ಅದು ಬೇರೆ ಬಂದರೆ ಅಲ್ಲೇ ಏನೋ ತಪ್ಪಿದೆ.

ಮಂಡ್ಯದ ಟೀಚರ್ · ಮೇ 21

ಒಂದು ವಿಷಯ ಹೇಳಲೇ? ನಾನೂ ಈ ಲೆಕ್ಕ ಹಾಕಿ ನೋಡಿದೆ. ಎರಡನೆಯದು ಜೂನ್ 5 ಸರಿಯಾಗಿ ಬಂತು. ಮೂರನೆಯದಕ್ಕೆ ಮಾತ್ರ ಜೂನ್ 18 ಅಂತ ಬರುತ್ತಿದೆ. ಜೂನ್ 5ಕ್ಕೂ 18ಕ್ಕೂ ಹದಿಮೂರೇ ದಿನ. ಪುಟ್ಟಿಯ ಅಪ್ಪನಿಗೆ ಬಂದ ತೊಂದರೆಯೇ ಮತ್ತೆ ಬಂತಲ್ಲ?

ಕಾರಣ ಹುಡುಕಿದೆ. ಎರಡನೇ ಡೋಸು ಇನ್ನೂ ಆಗಿಲ್ಲ, ಆ ಖಾನೆ ಖಾಲಿ ಇದೆ. ಖಾಲಿ ಖಾನೆಯನ್ನು ಶೀಟು ಸೊನ್ನೆ ಅಂತ ಓದುತ್ತದೆ. ಸೊನ್ನೆಗೆ 28 ಸೇರಿಸಿದರೆ ಯಾವುದೋ ಕಾಲದ ತಾರೀಕು, ಹಾಗಾಗಿ `MAX` ಹುಟ್ಟಿದ ದಿನದ ಲೆಕ್ಕವನ್ನೇ ಎತ್ತಿಕೊಳ್ಳುತ್ತದೆ. ಹಾಕಿಸಿದ ದಿನ ಇನ್ನೂ ಬರೆದಿಲ್ಲದಿದ್ದರೆ ಹಾಕಿಸಬೇಕಾದ ದಿನದಿಂದ ಎಣಿಸು ಅಂತ ಹೇಳಿದರೆ ಸರಿ ಹೋಗುತ್ತದೆ.

```
C5   =MAX(B1+98, IF(D4="", C4, D4)+28)
```

ಈಗ ಜುಲೈ 3 ಬರುತ್ತದೆ. ಗುರುವಾರವೇ. `C4` ಅನ್ನೂ ಹೀಗೇ ಬದಲಿಸಿಕೊಳ್ಳಿ.

ತುಮಕೂರಿನ ತಂದೆ · ಮೇ 21

ಟೀಚರ್, ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಮಗನಿಗೆ ಎಲ್ಲಾ ಡೋಸೂ ಹೊತ್ತಿಗೆ ಆದವು, ಅದಕ್ಕೇ ತಪ್ಪು ಹೊರಗೆ ಬರಲಿಲ್ಲ. ನನ್ನದನ್ನೂ ಸರಿ ಮಾಡಿಕೊಂಡೆ.

ಗೋಡೆ ಕ್ಯಾಲೆಂಡರ್ · ಮೇ 21

ನನಗೆ ಮೂವರು ಮಕ್ಕಳು, ಈಗ ಇಬ್ಬರು ಮೊಮ್ಮಕ್ಕಳು. ಶೀಟು, ಫಾರ್ಮುಲಾ ಎಲ್ಲ ಒಳ್ಳೆಯದೇ. ಆದರೆ ಮಗುವನ್ನು ಎತ್ತಿಕೊಂಡು ಕೇಂದ್ರಕ್ಕೆ ಹೋಗುವವರು ಯಾರು? ತಾಯಿ ಮತ್ತು ಅಜ್ಜಿ. ತಂದೆಯ ಫೋನು ಬೆಂಗಳೂರಿನಲ್ಲಿ ಬಡಿದುಕೊಂಡರೆ ಸಾಗರದಲ್ಲಿ ಯಾರಿಗೆ ಕೇಳಿಸುತ್ತದೆ? ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 5ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಸಿ. ಹಾಲಿನ ಲೆಕ್ಕ ಬರೆಯುವ ಕಡೆ ದಿನಾ ಎಲ್ಲರ ಕಣ್ಣೂ ಬೀಳುತ್ತದೆ.

ಪುಟ್ಟಿಯ ಅಪ್ಪ · ಮೇ 21

ನೀವು ಹೇಳಿದ್ದು ನಿಜ. ಈ ಶನಿವಾರ ಊರಿಗೆ ಹೋದಾಗ ನಾನೇ ಸುತ್ತು ಹಾಕಿ ಬರುತ್ತೇನೆ. ಕ್ಯಾಲೆಂಡರನ್ನು ಹೆಂಡತಿಯ ಫೋನಿಗೂ ಹಂಚಿದ್ದೇನೆ. ಮೂರು ದಿನ ಮುಂಚೆ ಒಂದು, ಹಿಂದಿನ ಸಂಜೆ ಒಂದು, ಹೀಗೆ ಎರಡು ಸಲ ನೆನಪಿಸುವ ಹಾಗೆ ಇಟ್ಟೆ. ಮೂರು ದಿನ ಮುಂಚಿನದು ಯಾಕೆ ಅಂದರೆ, ಅವತ್ತು ಹೆಂಡತಿ ಆಶಾ ಅಕ್ಕನಿಗೆ ಫೋನ್ ಮಾಡಿ ಆ ಗುರುವಾರ ಲಸಿಕೆ ಇದೆಯಾ, ರಜೆ ಇದೆಯಾ ಅಂತ ಕೇಳುತ್ತಾಳೆ. ಮೇ 1ಕ್ಕೆ ಹೀಗೆ ಕೇಳಿದ್ದರೆ ಸುಮ್ನೆ ಮಗುವನ್ನು ಸಿದ್ಧ ಮಾಡಿ ಕಾಯುವುದು ತಪ್ಪುತ್ತಿತ್ತು.

ಇನ್ನೊಂದು ಬದಲಾವಣೆ ಮಾಡಿದೆ. ಜೂನ್ 18ರದ್ದನ್ನು ಕ್ಯಾಲೆಂಡರಿನಿಂದ ತೆಗೆದುಹಾಕಿದೆ. ಹಿಂದಿನ ಡೋಸಿನಿಂದ ಎಣಿಸುವ ತಾರೀಕುಗಳಲ್ಲಿ ಮುಂದಿನದು ಒಂದನ್ನು ಮಾತ್ರ ಇಡುತ್ತೇನೆ. ಅದು ಆದ ದಿನವೇ ಅದರ ಮುಂದಿನದನ್ನು ಹಾಕುತ್ತೇನೆ. ಡಿಸೆಂಬರಿನದು ವಯಸ್ಸಿನದು, ಅದು ಅಲ್ಲೇ ಇರಲಿ.

ಎಂಟು ವಾರ ಮುಂಚೆ · ಮೇ 22

ನನ್ನ ಕಥೆ ಸ್ವಲ್ಪ ಬೇರೆ. ಆದರೂ ಹೇಳಬೇಕು ಅನ್ನಿಸಿತು, ಇದೇ ಪರಿಸ್ಥಿತಿಯಲ್ಲಿ ಇರುವ ತಾಯಂದಿರು ಓದುತ್ತಿರಬಹುದು.

ನನ್ನ ಮಗ ಹುಟ್ಟಿದ್ದು 32 ವಾರಕ್ಕೆ. ನಮ್ಮಲ್ಲಿ ಎರಡು ಹುಟ್ಟಿದ ದಿನ. ಒಂದು ನಿಜವಾಗಿ ಹುಟ್ಟಿದ್ದು, ಇನ್ನೊಂದು ಡಾಕ್ಟರ್ ಕೊಟ್ಟಿದ್ದ ಹೆರಿಗೆ ತಾರೀಕು. ಎರಡಕ್ಕೂ 56 ದಿನದ ಅಂತರ. ಎಂಟು ವಾರ ಮುಂಚೆ ಬಂದಿದ್ದಾನೆ, ಲಸಿಕೆಯೂ ಎಂಟು ವಾರ ತಡವಾಗಿ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಪಟ್ಟಿಯನ್ನೂ ಹಾಗೇ ಬರೆದಿದ್ದೆ. ಮಕ್ಕಳ ಡಾಕ್ಟರ್ ನೋಡಿ ಎಲ್ಲವನ್ನೂ ಹೊಡೆದುಹಾಕಿದರು. ಲಸಿಕೆ ನಿಜವಾಗಿ ಹುಟ್ಟಿದ ದಿನದಿಂದಲೇ. ಕುತ್ತಿಗೆ ನಿಲ್ಲುವುದು, ಮಗುಚಿಕೊಳ್ಳುವುದು, ಕೂರುವುದು ಇವನ್ನು ಮಾತ್ರ ಹೆರಿಗೆ ತಾರೀಕಿನಿಂದ ಎಣಿಸಿ ನೋಡಿ ಅಂದರು. ಇಲ್ಲದಿದ್ದರೆ ಮಗು ಹಿಂದೆ ಬಿದ್ದಿದೆ ಅಂತ ಸುಮ್ನೆ ಹೆದರಿಕೊಳ್ಳುತ್ತೀರಿ ಅಂತ ಹೇಳಿದರು.

ಆದರೆ ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದು ಲಸಿಕೆ ಅಲ್ಲ, ಕಣ್ಣಿನ ಪರೀಕ್ಷೆ. ಅವಧಿಗೆ ತುಂಬಾ ಮುಂಚೆ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿಗೆ ಕಣ್ಣಿನ ಹಿಂದಿನ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಅದನ್ನು ಹುಟ್ಟಿದ ಮೂವತ್ತು ದಿನದೊಳಗೆ ನೋಡಿಸಲೇಬೇಕು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಕಣ್ಣು ಚೆನ್ನಾಗೇ ಕಾಣುತ್ತದೆ. ಲಸಿಕೆ ತಡ ಆದರೆ ಆಮೇಲೆ ಹಾಕಿಸಬಹುದು. ಇದು ತಡ ಆದರೆ ದೃಷ್ಟಿಯೇ ಹೋಗಬಹುದು. ಮೊದಲ ಸಲ ಚೆನ್ನಾಗಿದೆ ಅಂದರೂ ಅಲ್ಲಿಗೆ ಮುಗಿಯಲಿಲ್ಲ. ಎರಡು ವಾರ ಬಿಟ್ಟು ಬನ್ನಿ ಅಂದರು, ಮತ್ತೆ ಎರಡು ವಾರ. ರಕ್ತನಾಳ ಪೂರ್ತಿ ಬೆಳೆದಿದೆ, ಇನ್ನು ಬರಬೇಡಿ ಅಂತ ಅವರು ಬರೆದುಕೊಡುವವರೆಗೂ ನಾನು ಆ ಸಾಲನ್ನು ಪಟ್ಟಿಯಿಂದ ತೆಗೆಯಲಿಲ್ಲ.

ಎರಡನೆಯದು ಕಿವಿ. ಆಸ್ಪತ್ರೆಯಿಂದ ಮನೆಗೆ ಬರುವಾಗ ಕೊಟ್ಟ ಚೀಟಿಯಲ್ಲಿ ಬಲಕಿವಿಗೆ "ಪಾಸ್", ಎಡಕಿವಿಗೆ "ರೆಫರ್" ಅಂತ ಇತ್ತು. ನಮ್ಮ ಮನೆಯಲ್ಲಿ ಯಾರಿಗೂ ಅದರ ಅರ್ಥ ಆಗಲಿಲ್ಲ. ಫೈಲಿನಲ್ಲಿ ಇಟ್ಟು ಮರೆತೆವು. ತಿಂಗಳು ಕಳೆದ ಮೇಲೆ ನನ್ನ ತಂಗಿ ನೋಡಿ, ಅಕ್ಕ, ಇದು ಮತ್ತೆ ಮಾಡಿಸಬೇಕು ಅಂತ ಅಲ್ವಾ ಅಂದಳು. ಮಾಡಿಸಿದೆವು, ದೇವರ ದಯೆ, ಚೆನ್ನಾಗಿತ್ತು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಅದರಲ್ಲಿ ಸಂಶಯ ಬಂದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ತೊಂದರೆ ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರು, ಹೀಗೆ ಲೆಕ್ಕ ಇದೆ. ಆರು ತಿಂಗಳು ದಾಟಿದರೆ ಮಾತು ಕಲಿಯುವುದು ಕಷ್ಟ ಆಗುತ್ತದೆ ಅಂತ ಆಮೇಲೆ ತಿಳಿಯಿತು. ಈಗ ನನ್ನ ಪಟ್ಟಿಯಲ್ಲಿ ಯಾವ ಪರೀಕ್ಷೆ ಆದರೂ "ಆಯ್ತು" ಅಂತ ಬರೆಯುವುದಿಲ್ಲ. ಏನು ಬಂತು, ಮತ್ತೆ ಯಾವಾಗ ಅಂತ ಬರೆಯುತ್ತೇನೆ.

ಹಾಸನದ ಅಮ್ಮ · ಮೇ 22

ಅಯ್ಯೋ, ನನ್ನ ಮಗನ ಚೀಟಿ ಈಗಲೇ ಹುಡುಕುತ್ತೇನೆ. ಕಿವಿ ಪರೀಕ್ಷೆ ಮಾಡಿದ್ದು ನೆನಪಿದೆ, ಏನು ಬಂತು ಅಂತ ನೆನಪಿಲ್ಲ. ಅವನು ಕರೆದರೆ ತಿರುಗುತ್ತಾನೆ. ಆದರೂ ನೋಡಿಬಿಡುತ್ತೇನೆ.

ನಿವೃತ್ತ ಸಿಸ್ಟರ್ · ಮೇ 22

ಒಳ್ಳೆಯದು, ಹುಡುಕಿ. ಒಂದು ಕಿವಿ ಮಾತ್ರ ಕೇಳದಿದ್ದರೂ ಮಗು ಕರೆದಾಗ ತಿರುಗುತ್ತದೆ.

ನನ್ನದೂ ಒಂದು ಸೇರಿಸಿಕೊಳ್ಳಿ. ಹದಿನಾಲ್ಕು ವಾರ ಆದ ಮೇಲೆ ಒಂಬತ್ತು ತಿಂಗಳವರೆಗೆ ಸರ್ಕಾರದ ಪಟ್ಟಿಯಲ್ಲಿ ಚುಚ್ಚುಮದ್ದು ಇಲ್ಲ. ತಾಯಂದಿರು ಆ ಹೊತ್ತಿಗೆ ಊರು ಬದಲಿಸುತ್ತಾರೆ, ಕಾರ್ಡು ತವರುಮನೆಯ ಬೀರುವಿನಲ್ಲೇ ಉಳಿಯುತ್ತದೆ. ನನ್ನ ಕೈತಪ್ಪಿ ಹೋದ ಮಕ್ಕಳಲ್ಲಿ ಜಾಸ್ತಿ ಜನ ಈ ಆರು ತಿಂಗಳಲ್ಲೇ ಹೋದವರು. ಆಶಾ ಕಾರ್ಯಕರ್ತೆ ಮೂರು, ಆರು, ಒಂಬತ್ತು ತಿಂಗಳಿಗೆ ಮನೆಗೆ ಬಂದು ಮಗುವನ್ನು ನೋಡುತ್ತಾಳೆ, ಆಮೇಲೆ ಹನ್ನೆರಡಕ್ಕೆ, ಹದಿನೈದಕ್ಕೆ. ನೀವು ಮನೆ ಬದಲಿಸಿದರೆ ಹೊಸ ಕಡೆಯ ಆಶಾ ಯಾರು ಅಂತ ಕೇಳಿ ಹೆಸರು ಬರೆಸಿ. ಆ ಕೆಲಸಕ್ಕೂ ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಇರಲಿ.

ವಿಟಮಿನ್ ಎ ದ್ರಾವಣವನ್ನೂ ಬರೆದುಕೊಳ್ಳಿ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಜೊತೆ ಮೊದಲನೆಯದು ಬಾಯಿಗೆ ಹಾಕುತ್ತಾರೆ. ಒಂದೂವರೆ ವರ್ಷದ ಹೊತ್ತಿಗೆ ಎರಡನೆಯದು. ಆಮೇಲೆ ಆರು ತಿಂಗಳಿಗೊಂದು, ಐದು ವರ್ಷದವರೆಗೆ, ಒಟ್ಟು ಒಂಬತ್ತು. ಮೊದಲ ಎರಡು ಎಲ್ಲರಿಗೂ ಸಿಗುತ್ತದೆ, ಯಾಕೆಂದರೆ ಚುಚ್ಚುಮದ್ದಿಗೆ ಬಂದೇ ಬರುತ್ತಾರೆ. ಆಮೇಲೆ ಚುಚ್ಚುಮದ್ದು ಇಲ್ಲ, ನೆನಪೂ ಇಲ್ಲ.

ಪುಟ್ಟಿಯ ಅಪ್ಪ · ಜೂನ್ 5, ಸಂಜೆ

ಇವತ್ತು ಎರಡನೇ ಡೋಸು ಆಯ್ತು. ನಾನು ರಜೆ ಹಾಕಿ ಊರಿಗೆ ಬಂದಿದ್ದೆ, ಮಗಳನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತವನು ನಾನೇ. ಒಂದು ನಿಮಿಷ ಅತ್ತಳು, ಆಮೇಲೆ ನನ್ನ ಶರ್ಟಿನ ಗುಂಡಿ ಹಿಡಿದು ಸುಮ್ಮನಾದಳು.

ಮನೆಗೆ ಬಂದು ಕಾರ್ಡು ನೋಡಿದಾಗ ಹೆಂಡತಿಗೆ ಗಾಬರಿ ಆಯ್ತು. ಹೋದ ಸಲ ಎರಡು ತೊಡೆಗೂ ಒಂದೊಂದು, ಬಲ ತೋಳಿಗೆ ಒಂದು, ಹೀಗೆ ಮೂರು ಚುಚ್ಚಿದ್ದರು. ಈ ಸಲ ಒಂದೇ. ಬಾಯಿಗೆ ಪೋಲಿಯೋ ಮತ್ತು ರೋಟಾ ಹಾಕಿದರು. ನ್ಯುಮೋನಿಯಾದ್ದು, ಅಂದರೆ ಪಿಸಿವಿ, ಎರಡನೇ ಸಲಕ್ಕೆ ಆಸ್ಪತ್ರೆಯ ಪುಸ್ತಕದಲ್ಲಿ ಇದೆ, ಕಾರ್ಡಿನಲ್ಲಿ ಹಾಕಿಲ್ಲ. ಮರೆತರಾ?

ನಿವೃತ್ತ ಸಿಸ್ಟರ್ · ಜೂನ್ 5

ಮರೆತಿಲ್ಲಪ್ಪ. ಸರ್ಕಾರದ ಕ್ರಮದಲ್ಲಿ ಪಿಸಿವಿ ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ಹತ್ತು ವಾರಕ್ಕೆ ಇಲ್ಲವೇ ಇಲ್ಲ. ತೋಳಿನ ಪೋಲಿಯೋ ಚುಚ್ಚುಮದ್ದೂ ಹಾಗೇ. ಜುಲೈ 3ಕ್ಕೆ ಮತ್ತೆ ಮೂರು ಚುಚ್ಚುತ್ತಾರೆ, ಅವತ್ತು ಗಾಬರಿ ಆಗಬೇಡಿ. ನಿಮ್ಮ ಪುಸ್ತಕ ಖಾಸಗಿಯವರದು, ಅವರ ಕ್ರಮದಲ್ಲಿ ಪಿಸಿವಿ ಮೂರು ಸಲವೂ ಇದೆ, ವರ್ಷ ದಾಟಿದ ಮೇಲೆ ಬೂಸ್ಟರ್. ಎರಡೂ ಸರಿಯಾದ ಕ್ರಮಗಳೇ. ಒಂದರ ಪಟ್ಟಿ ಹಿಡಿದು ಇನ್ನೊಂದರ ಕಡೆ ಹಾಕಿಸಿದರೆ ಹೀಗೆ ಬಿಟ್ಟುಹೋದ ಹಾಗೆ ಕಾಣುತ್ತದೆ. ಶೀಟಿನಲ್ಲಿ ಪ್ರತಿ ಭೇಟಿಗೂ ಏನೇನು ಕೊಟ್ಟರು ಅಂತ ಹೆಸರು ಹಿಡಿದು ಬರೆದುಕೊಳ್ಳಿ. "ಎರಡೂವರೆ ತಿಂಗಳದ್ದು ಆಯ್ತು" ಅಂತಷ್ಟೇ ಬರೆದರೆ ನಾಳೆ ಬೇರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಹಾಸನದ ಅಮ್ಮ · ಜೂನ್ 5

ನನ್ನ ಮಗನಿಗೆ ಮೂರೂವರೆ ತಿಂಗಳವರೆಗೆ ಸರ್ಕಾರಿ, ಆಮೇಲೆ ಖಾಸಗಿ. ನಮ್ಮ ಡಾಕ್ಟರ್ ಪಿಸಿವಿ ಇನ್ನೊಂದು ಕೊಟ್ಟು, ಹದಿನೈದು ತಿಂಗಳಿಗೆ ಬೂಸ್ಟರ್ ಕೊಟ್ಟರು. ನೀವೂ ಹಾಗೇ ಮಾಡಿ.

(ಕಿವಿಯ ಚೀಟಿ ಸಿಕ್ಕಿತು. ಎರಡೂ ಪಾಸ್.)

ನಿವೃತ್ತ ಸಿಸ್ಟರ್ · ಜೂನ್ 5

ಕಿವಿಯ ಸುದ್ದಿ ಕೇಳಿ ಸಂತೋಷ ಆಯ್ತು. ಪಿಸಿವಿ ವಿಷಯದಲ್ಲಿ ಮಾತ್ರ ಎಲ್ಲರೂ ಹಾಗೇ ಮಾಡಿ ಅಂತ ನಾನು ಹೇಳುವುದಿಲ್ಲ. ಸರ್ಕಾರಿ ಕಡೆಯೇ ಮುಂದುವರಿಸಿದರೆ ಒಂಬತ್ತು ತಿಂಗಳ ಬೂಸ್ಟರಿಗೆ ಅದು ಪೂರ್ತಿ ಆಗುತ್ತದೆ. ಖಾಸಗಿಗೆ ಹೋದರೆ ಆ ಡಾಕ್ಟರ್ ಕಾರ್ಡು ನೋಡಿ ತೀರ್ಮಾನ ಮಾಡುತ್ತಾರೆ. ಅವರು ಹೇಗೆ ಹೇಳುತ್ತಾರೋ ಹಾಗೆ.

ಪುಟ್ಟಿಯ ಅಪ್ಪ · ಜೂನ್ 6

ಹೆಂಡತಿಗೆ ಓದಿ ಹೇಳಿದೆ, ಸಮಾಧಾನ ಆಯ್ತು. ಶೀಟಿನಲ್ಲಿ ಇನ್ನೊಂದು ಕಾಲಮ್ಮು ಸೇರಿಸಿ ಮೇ 8ಕ್ಕೆ, ಜೂನ್ 5ಕ್ಕೆ ಕೊಟ್ಟದ್ದನ್ನೆಲ್ಲ ಹೆಸರು ಹಿಡಿದು ಬರೆದೆ. ಕಾರ್ಡಿನ ಎರಡೂ ಬದಿ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟೆವು. ಸರ್ಕಾರದ ಮೆಸೇಜ್ ಕಳಿಸುವ ಯು-ವಿನ್‌ನಲ್ಲಿ ಮಾವನವರ ನಂಬರ್ ಇದೆ. ಹೆಂಡತಿಯ ನಂಬರಿಗೆ ಬದಲಿಸಬಹುದಾ ಅಂತ ಜುಲೈ 3ಕ್ಕೆ ಹೋದಾಗ ಸಿಸ್ಟರನ್ನೇ ಕೇಳುತ್ತೇವೆ, ಅದನ್ನೂ ಆ ದಿನದ ಸಾಲಿನಲ್ಲೇ ಬರೆದಿದ್ದೇನೆ. ಮಾವನವರು ಮಾತ್ರ ಬದಲಿಸಬೇಡಿ ಅನ್ನುತ್ತಿದ್ದಾರೆ. ಮೊಮ್ಮಗಳ ಮೆಸೇಜ್ ತಮಗೂ ಬರಲಿ ಅಂತ.

ಸೆಪ್ಟೆಂಬರಿನಲ್ಲಿ ಇಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಬರುತ್ತೇನೆ. ಒಂಬತ್ತು ತಿಂಗಳದ್ದು ಇಲ್ಲೇ ಹಾಕಿಸಬೇಕು. ವಿಜಯನಗರದ ಕಡೆ ಇರುವವರು ಯಾರಾದರೂ ಇದ್ದರೆ ಹೇಳಿ, ಸರ್ಕಾರದ ನಮ್ಮ ಕ್ಲಿನಿಕ್ಕಿನಲ್ಲಿ ಲಸಿಕೆ ಯಾವ ವಾರ? ಇಲ್ಲೂ ಗುರುವಾರವೇನಾ, ಅಥವಾ ಶೀಟಿನ ಆ 5 ಬದಲಿಸಬೇಕಾ?